ಸುತ್ತು ಬಿಡಿ, ಶೇಷ ಹಿಡಿಯಿರಿ: ಗಡಿಯಾರ, ಕ್ಯಾಲೆಂಡರ್, ದಿಕ್ಕಿನ ಲೆಕ್ಕ

(ಬದಿಯಡ್ಕ ಹತ್ತಿರದ ಒಂದು ವಾಚನಾಲಯದಲ್ಲಿ ಪಿಎಸ್‌ಸಿ ಪರೀಕ್ಷೆಗೆ ಓದುವವರ ಎದುರು ಮಾತಾಡಿದ್ದು. ಬೋರ್ಡಲ್ಲಿ ಬರೆದದ್ದನ್ನೂ ಮಧ್ಯದಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿ, ಮಾತಾಡಿದ ಹಾಗೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ತುಂಬಾ ಜನರ ಕೈಯಲ್ಲಿ ಗೈಡ್ ಉಂಟು, ಕೆಲವರದ್ದು ಮಲಯಾಳಂ ಗೈಡ್, ಕೆಲವರದ್ದು ಆ ಕಡೆ ಮಂಗಳೂರಿಂದ ತಂದ ಕನ್ನಡ ಗೈಡ್. ಎರಡರಲ್ಲೂ ಗಡಿಯಾರಕ್ಕೆ ಒಂದು ರಾಶಿ ಫಾರ್ಮುಲಾ, ಕ್ಯಾಲೆಂಡರಿಗೆ ಒಂದು ಕೋಡ್ ಟೇಬಲ್, ದಿಕ್ಕಿಗೆ ಒಂದಷ್ಟು ಚಿತ್ರ. ಅದನ್ನೆಲ್ಲ ಬಾಯಿಪಾಠ ಮಾಡಿ ಹೋಗ್ತಾರೆ, ಹಾಲ್‌ನಲ್ಲಿ ಕೂತಾಗ ತಿಂಗಳ ಕೋಡ್ ಜನವರಿಗೆ ಸೊನ್ನೆಯಾ ಒಂದಾ ಅಂತ ಡೌಟ್ ಬರ್ತದೆ, ಅಂದಾಜಿಗೆ ಒಂದು ಗುರುತು ಹಾಕ್ತಾರೆ, ತಪ್ಪಾದ್ರೆ ಮೂರನೇ ಒಂದು ಮಾರ್ಕ್ ಬೇರೆ ಕಟ್ ಆಗ್ತದೆ. ನಾನು ಇವತ್ತು ಹೇಳ್ಲಿಕ್ಕೆ ಹೊರಟದ್ದು ಎಂತ ಅಂದ್ರೆ ಈ ಮೂರೂ ಒಂದೇ ಲೆಕ್ಕ. ಮೂರೂ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ಸಂಗತಿಗಳು. ವಾರ ಏಳು ದಿನಕ್ಕೊಮ್ಮೆ ತಿರುಗಿ ಬರ್ತದೆ, ದಿಕ್ಕು ನಾಲ್ಕು ಬಲತಿರುವು ಆದ್ರೆ ಮೊದಲಿನದ್ದೇ, ಗಡಿಯಾರದ ಮುಳ್ಳು 360 ಡಿಗ್ರಿ ಆದ್ರೆ ಅಲ್ಲಿಗೇ. ಹಾಗಾಗಿ ಪೂರ್ತಿ ಸುತ್ತು ಎಷ್ಟು ಆಯ್ತು ಅಂತ ನಮಗೆ ಬೇಡವೇ ಬೇಡ, ಅದನ್ನು ಬಿಟ್ಟು ಉಳಿದ ಶೇಷ ಎಷ್ಟು ಅಂತ ನೋಡಿದ್ರೆ ಆಯ್ತು.

ಸಣ್ಣದ್ದು ಒಂದು ನೋಡಿ. ಇವತ್ತು ಸೋಮವಾರ, 61 ದಿನ ಕಳೆದ್ರೆ ಯಾವ ವಾರ? 61ರಲ್ಲಿ ಏಳೆಂಟ್ಲಿ 56 ತೆಗೆದ್ರೆ ಉಳಿದದ್ದು 5. ಸೋಮವಾರದಿಂದ ಐದು ಮುಂದೆ, ಶನಿವಾರ. ಇಲ್ಲಿ ಒಂದೇ ಒಂದು ಗುಂಡಿ ಉಂಟು, ಇವತ್ತಿನ ದಿನವನ್ನು ಒಂದು ಅಂತ ಎಣಿಸ್ಲಿಕ್ಕೆ ಶುರು ಮಾಡುದು. ಇವತ್ತು ಸೊನ್ನೆ, ನಾಳೆ ಒಂದು. ಬೆರಳು ಮಡಿಸುವಾಗ ಮೊದಲ ಬೆರಳಿಗೆ ಮಂಗಳವಾರ ಅಂತ ಹೇಳಿ, ಸೋಮವಾರ ಅಂತ ಹೇಳಿದ್ರೆ ಶುಕ್ರವಾರಕ್ಕೆ ನಿಲ್ತೀರಿ, ಮತ್ತೆ ಆಪ್ಷನಲ್ಲಿ ಶುಕ್ರವಾರವೂ ಇಟ್ಟೇ ಇಟ್ಟಿರ್ತಾರೆ.

ಕ್ಯಾಲೆಂಡರಿಂದಲೇ ಶುರು ಮಾಡುವ, ಯಾಕಂದ್ರೆ ಜನ ಹೆಚ್ಚು ಹೆದರುದು ಅದಕ್ಕೇ.

ಸಾಮಾನ್ಯ ವರ್ಷಕ್ಕೆ 365 ದಿನ, 52 ವಾರ ತೆಗೆದ್ರೆ ಉಳಿಯುದು 1. ಅಧಿಕ ವರ್ಷಕ್ಕೆ ಉಳಿಯುದು 2. ಅದಕ್ಕೇ ನಿಮ್ಮ ಹುಟ್ಟಿದ ದಿನ ಪ್ರತಿ ವರ್ಷ ವಾರದಲ್ಲಿ ಒಂದೊಂದು ದಿನ ಮುಂದೆ ಹೋಗ್ತದೆ, ನಡುವೆ ಫೆಬ್ರವರಿ 29 ಬಂದ್ರೆ ಎರಡು ದಿನ ಹೋಗ್ತದೆ. ತಿಂಗಳಿಗೂ ಹಾಗೇ, 31ರ ತಿಂಗಳಿಗೆ ಶೇಷ 3, 30ರದ್ದಕ್ಕೆ 2, ಫೆಬ್ರವರಿಗೆ ಸೊನ್ನೆ ಅಥವಾ 1. ಅಧಿಕ ವರ್ಷದ ನಿಯಮ ಎಲ್ಲರಿಗೂ ಗೊತ್ತುಂಟು ಅಂತ ಅಂದುಕೊಳ್ತೇವೆ, ಆದ್ರೆ ಶತಮಾನದ ವರ್ಷಕ್ಕೆ ಬರುವಾಗ ಅರ್ಧ ಜನ ಜಾರ್ತಾರೆ. ನಾಲ್ಕರಿಂದ ಭಾಗ ಹೋದ್ರೆ ಅಧಿಕ ವರ್ಷ, ಕೊನೆಗೆ ಎರಡು ಸೊನ್ನೆ ಇದ್ರೆ ಮಾತ್ರ 400ರಿಂದ ಭಾಗ ಹೋಗ್ಬೇಕು. 2000 ಅಧಿಕ ವರ್ಷ, 1900 ಅಲ್ಲ, 2100ಕ್ಕೂ ಆಗುದಿಲ್ಲ.

ಇಷ್ಟರಲ್ಲೇ ಎಲ್ಲ ಪ್ರಶ್ನೆ ಮಾಡ್ಲಿಕ್ಕೆ ಆಗ್ತದೆ, ಗೈಡಿನವರೂ ಹಾಗೇ ಮಾಡಿಸ್ತಾರೆ: ಹಿಂದಿನ ವರ್ಷಗಳ ಶೇಷ ಕೂಡಿಸಿ, ತಿಂಗಳ ಶೇಷ ಒಂದೊಂದೇ ಕೂಡಿಸಿ, ತಾರೀಕು ಕೂಡಿಸಿ, ಏಳರಿಂದ ಭಾಗಿಸಿ. ಸರಿಯೇ. ಆದ್ರೆ ನವೆಂಬರ್ ಬಂದ್ರೆ ಹತ್ತು ತಿಂಗಳ ಶೇಷ ಕೂಡಿಸ್ಬೇಕು, ಕೂಡಿಸುವಾಗ ಒಂದು ತಿಂಗಳು ಹಾರಿದ್ರೆ ಎಲ್ಲ ಹೋಯ್ತು. ನನಗೆ ಇಷ್ಟ ಆದದ್ದು ಬೇರೆ ದಾರಿ, ಜಾನ್ ಕಾನ್ವೇ ಅಂತ ಇಂಗ್ಲೆಂಡಿನ ಗಣಿತಜ್ಞ ಇದ್ರು, 2020ರಲ್ಲಿ ತೀರಿಹೋದ್ರು, ಅವರು ಮಾಡಿದ್ದು. ಟೇಬಲ್ ಬೇಡ.

ಒಂದು ವರ್ಷದಲ್ಲಿ 4/4, 6/6, 8/8, 10/10, 12/12 ಈ ಐದು ತಾರೀಕು ಯಾವಾಗಲೂ ಒಂದೇ ವಾರ ಬರ್ತದೆ. ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ, ಯಾವ ವರ್ಷದ್ದಾದ್ರೂ ಸರಿ. ಯಾಕೆ ಅಂತ ಕೇಳಿದ್ರೆ ಕಾರಣ ಸುಲಭ, ಏಪ್ರಿಲ್ 4ರಿಂದ ಜೂನ್ 4ರವರೆಗೆ 30 ಮತ್ತೆ 31 ಸೇರಿ 61 ದಿನ, ಜೂನ್ 6 ಆಗ್ಲಿಕ್ಕೆ ಇನ್ನೂ ಎರಡು, ಒಟ್ಟು 63, ಅಂದ್ರೆ ಸರಿಯಾಗಿ ಒಂಬತ್ತು ವಾರ, ಶೇಷ ಸೊನ್ನೆ. ಮುಂದಿನ ಪ್ರತಿ ಜೋಡಿಗೂ ನಡುವೆ ಒಂದು 30ರ ತಿಂಗಳು, ಒಂದು 31ರ ತಿಂಗಳು ಬರ್ತದೆ, ಹಾಗಾಗಿ ಅದೇ 63. ಬೆಸ ತಿಂಗಳಿಗೆ ಜೋಡಿ ಬೇರೆ: 9/5 ಮತ್ತು 5/9, 11/7 ಮತ್ತು 7/11. ಇದರಲ್ಲಿ ಲಾಭ ಎಂತ ಅಂದ್ರೆ ತಾರೀಕು ಮೊದಲಾ ತಿಂಗಳು ಮೊದಲಾ ಅಂತ ತಲೆಬಿಸಿ ಇಲ್ಲ, ತಿರುಗಿಸಿದ್ರೂ ಸರಿಯೇ. ಮಾರ್ಚಿಗೆ 7ನೇ ತಾರೀಕು, ಫೆಬ್ರವರಿಗೆ ಅದರ ಕೊನೆಯ ದಿನ, ಜನವರಿಗೆ ಸಾಮಾನ್ಯ ವರ್ಷ ಆದ್ರೆ 3, ಅಧಿಕ ವರ್ಷ ಆದ್ರೆ 4. ಈ ಎಲ್ಲ ತಾರೀಕೂ ಆ ವರ್ಷದಲ್ಲಿ ಒಂದೇ ವಾರ. ಅದನ್ನು ಆ ವರ್ಷದ ಆಧಾರದ ವಾರ ಅಂತ ಕರೆಯುವ.

ಈಗ ಆ ವರ್ಷದ ಆಧಾರದ ವಾರ ಯಾವುದು ಅಂತ ಕಂಡುಹಿಡಿಯುದು ಹೇಗೆ? 1900ಕ್ಕೆ ಬುಧವಾರ, 2000ಕ್ಕೆ ಮಂಗಳವಾರ. ಈ ಎರಡು ಮಾತ್ರ ನೆನಪಿಡಿ, ನಮ್ಮ ಪರೀಕ್ಷೆಯಲ್ಲಿ ಹೆಚ್ಚಿನದ್ದೂ ಇದರೊಳಗೇ ಬರ್ತದೆ. ವರ್ಷದ ಕೊನೆಯ ಎರಡು ಅಂಕೆ ತೆಗೊಳ್ಳಿ, ಅದಕ್ಕೆ ಅದರ ಕಾಲು ಭಾಗ ಕೂಡಿಸಿ, ಕಾಲಲ್ಲಿ ಭಿನ್ನ ಬಂದ್ರೆ ಬಿಡಿ, ಏಳರಿಂದ ಭಾಗಿಸಿ ಶೇಷವನ್ನು ಮುಂದೆ ಎಣಿಸಿ. ಕಾಲು ಭಾಗ ಯಾಕೆ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಬಂತಲ್ಲ, ಅದರ ಲೆಕ್ಕ ಅದು.

ನಮ್ಮೂರಿನದ್ದೇ ಒಂದು ಮಾಡುವ. 1956 ನವೆಂಬರ್ 1, ಕೇರಳ ರಾಜ್ಯ ಆದ ದಿನ, ಕಾಸರಗೋಡು ಅದಕ್ಕೆ ಸೇರಿದ ದಿನ. ಅದು ಯಾವ ವಾರ ಅಂತ ಈ ಊರಿನಲ್ಲಿ ಕೂತವರಿಗೆ ಗೊತ್ತಿರ್ಬೇಕಲ್ವಾ. 56, ಅದರ ಕಾಲು 14, ಒಟ್ಟು 70. ಏಳರಿಂದ ಪೂರ್ತಿ ಹೋಯ್ತು, ಶೇಷ ಸೊನ್ನೆ. ಹಾಗಾದ್ರೆ 1956ರ ಆಧಾರದ ವಾರ ಬುಧವಾರವೇ. ನವೆಂಬರಲ್ಲಿ ನಮ್ಮ ತಾರೀಕು 7, ಅಂದ್ರೆ ನವೆಂಬರ್ 7 ಬುಧವಾರ, ಅದಕ್ಕೆ ಒಂದು ವಾರ ಹಿಂದೆ ಅಕ್ಟೋಬರ್ 31 ಬುಧವಾರ, ಮರುದಿನ ನವೆಂಬರ್ 1 ಗುರುವಾರ. ಮುಗೀತು. ಪೆನ್ನು ಬೇಡ.

ಎದುರು ಕೂತಿದ್ದ ಒಬ್ಬರು, "ಸರ್, ಜನವರಿದು ಒಂದು ಮಾಡಿ, ಅಲ್ಲೇ ತಪ್ಪುದು" ಅಂದ್ರು. ಸರಿ, 1950 ಜನವರಿ 26. 50ಕ್ಕೆ ಕಾಲು ಹನ್ನೆರಡೂವರೆ, ಅರ್ಧ ಬಿಟ್ರೆ 12, ಒಟ್ಟು 62, ಅದರಲ್ಲಿ 56 ಹೋದ್ರೆ 6. ಬುಧವಾರದಿಂದ ಆರು ಮುಂದೆ ಅಂದ್ರೆ ಒಂದು ಹಿಂದೆ ಅಂತಲೇ ಲೆಕ್ಕ, ಮಂಗಳವಾರ. 1950 ಸಾಮಾನ್ಯ ವರ್ಷ, ಹಾಗಾಗಿ ಜನವರಿ 3 ಮಂಗಳವಾರ, 10, 17, 24 ಮಂಗಳವಾರ, 26 ಗುರುವಾರ. ತಪ್ಪುದು ಎಲ್ಲಿ ಅಂದ್ರೆ ಅಧಿಕ ವರ್ಷದ ಜನವರಿ ಫೆಬ್ರವರಿಯಲ್ಲಿ ಮಾತ್ರ, 4ರ ಬದಲು 3 ತೆಗೊಂಡ್ರೆ ಉತ್ತರ ಒಂದು ದಿನ ಮುಂದೆ ಹೋಗಿ ಬೀಳ್ತದೆ. ತಿಂಗಳು ಜನವರಿ ಅಂತ ಕಂಡ ಕೂಡ್ಲೆ ಮೊದಲು ವರ್ಷ ನೋಡುದು ಅಭ್ಯಾಸ ಮಾಡಿ.

ಇನ್ನೊಂದು ಬಗೆಯ ಪ್ರಶ್ನೆ, ಈ ವರ್ಷದ ಕ್ಯಾಲೆಂಡರ್ ಮತ್ತೆ ಯಾವ ವರ್ಷಕ್ಕೆ ಆಗ್ತದೆ ಅಂತ. ಇಲ್ಲಿ 6, 11, 28 ಅಂತ ಬಾಯಿಪಾಠ ಮಾಡ್ತಾರೆ, ಯಾವಾಗ ಯಾವುದು ಅಂತ ಮಾತ್ರ ನೆನಪಿರುದಿಲ್ಲ. ಶೇಷ ಕೂಡಿಸ್ತಾ ಹೋಗಿ. 2026 ತೆಗೊಳ್ಳಿ. 2026ಕ್ಕೆ 1, 2027ಕ್ಕೆ 1 ಸೇರಿ 2, 2028 ಅಧಿಕ, 4 ಆಯ್ತು, 2029ಕ್ಕೆ 5, 2030ಕ್ಕೆ 6, 2031ಕ್ಕೆ 7. ಏಳಾಯ್ತು, ಹಾಗಾದ್ರೆ 2032ರ ಜನವರಿ 1 ಅದೇ ವಾರ. ಇಲ್ಲಿಗೆ ನಿಂತು 2032 ಅಂತ ಬರೆದ್ರೆ ಹೋಯ್ತು, ಯಾಕಂದ್ರೆ 2032 ಅಧಿಕ ವರ್ಷ, ಫೆಬ್ರವರಿ ಮುಗಿಯುವವರೆಗೆ ಮಾತ್ರ ಸರಿ ಬಂದು ಮಾರ್ಚಿಂದ ಕ್ಯಾಲೆಂಡರ್ ಸುಳ್ಳು ಹೇಳ್ತದೆ. ಮುಂದೆ ಹೋಗ್ಬೇಕು: 2032ಕ್ಕೆ 2, 2033ಕ್ಕೆ 3, 34ಕ್ಕೆ 4, 35ಕ್ಕೆ 5, 36 ಅಧಿಕ, 7. ಉತ್ತರ 2037. ಏಳರ ಶೇಷ ಸೊನ್ನೆ ಆಗ್ಬೇಕು, ಎರಡೂ ವರ್ಷ ಒಂದೇ ಜಾತಿಯದ್ದಾಗ್ಬೇಕು, ಎರಡು ಷರತ್ತು. 28 ವರ್ಷ ಅಂತ ಹೇಳುದು ಎಲ್ಲ ವರ್ಷಕ್ಕೂ ಹಿಡಿಯುವ ಸುರಕ್ಷಿತ ಉತ್ತರ, ನಡುವೆ 2100ರಂಥ ವರ್ಷ ಬಾರದಿದ್ರೆ.

ಶತಮಾನದ ಕೊನೆಯ ದಿನ ಯಾವ ವಾರ ಆಗ್ಲಿಕ್ಕೆ ಸಾಧ್ಯವೇ ಇಲ್ಲ ಅಂತ ಕೇಳುವ ಪ್ರಶ್ನೆಯೂ ಇದೇ ಲೆಕ್ಕ. ನೂರು ವರ್ಷಕ್ಕೆ ಶೇಷ 5, ಇನ್ನೂರಕ್ಕೆ 3, ಮುನ್ನೂರಕ್ಕೆ 1, ನಾನ್ನೂರಕ್ಕೆ ಸೊನ್ನೆ, ಆಮೇಲೆ ಪುನಃ ಅದೇ. ಶೇಷ ಸೊನ್ನೆ ಅಂದ್ರೆ ಆದಿತ್ಯವಾರ, ಒಂದು ಅಂದ್ರೆ ಸೋಮವಾರ, ಹಾಗೆ ಎಣಿಸಿದ್ರೆ ಶುಕ್ರ, ಬುಧ, ಸೋಮ, ಆದಿತ್ಯವಾರ ಬಿಟ್ಟು ಬೇರೆ ಬರುದಿಲ್ಲ. ಮಂಗಳ, ಗುರು, ಶನಿ ಇಲ್ಲವೇ ಇಲ್ಲ.

ಒಬ್ಬ ಅಜ್ಜ ಹಿಂದೆ ಕೂತಿದ್ರು, ಮೊಮ್ಮಗಳನ್ನು ಕರ್ಕೊಂಡು ಬಂದದ್ದು ಕಾಣ್ತದೆ, ಅವರು ಕೇಳಿದ್ರು, "ಆಟಿ ತಿಂಗಳಿಗೂ ಹೀಗೆ ಲೆಕ್ಕ ಹಾಕ್ಲಿಕ್ಕೆ ಆಗ್ತದಾ?" ಅಂತ. ಒಳ್ಳೆ ಪ್ರಶ್ನೆ. ಆಗುದಿಲ್ಲ. ನಮ್ಮ ಸೌರ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ, ಸೂರ್ಯ ಒಂದು ರಾಶಿ ದಾಟ್ಲಿಕ್ಕೆ ತೆಗೊಳ್ಳುವ ಸಮಯ ಎಲ್ಲ ರಾಶಿಗೂ ಒಂದೇ ಅಲ್ಲ, ತಿಂಗಳಿಗೆ 29 ದಿನವೂ ಬರ್ತದೆ, 32 ದಿನವೂ ಬರ್ತದೆ, ಸಂಕ್ರಮಣದ ಗಳಿಗೆ ಮೇಲೆ ವರ್ಷ ವರ್ಷಕ್ಕೆ ಒಂದು ದಿನ ಆಚೀಚೆಯೂ ಆಗ್ತದೆ. ಅದಕ್ಕೆ ಪಂಚಾಂಗವೇ ಬೇಕು. ಈ ನಿಯಮ ಇಂಗ್ಲಿಷ್ ತಿಂಗಳಿಗೆ ಮಾತ್ರ, ಅದರಲ್ಲೂ ಬ್ರಿಟಿಷರು ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ, ಆಗ ಸೆಪ್ಟೆಂಬರ್ 2ರ ಮರುದಿನವೇ 14 ಅಂತ ಮಾಡಿದ್ರು, ಅದಕ್ಕಿಂತ ಹಿಂದಿನ ಅಲ್ಲಿನ ದಾಖಲೆಗಳ ತಾರೀಕಿಗೆ ಈ ಲೆಕ್ಕ ಸೀದಾ ಕೂರುದಿಲ್ಲ.

ಈಗ ಗಡಿಯಾರ.

ಎರಡೇ ಸಂಖ್ಯೆ. ನಿಮಿಷದ ಮುಳ್ಳು ನಿಮಿಷಕ್ಕೆ 6 ಡಿಗ್ರಿ ಹೋಗ್ತದೆ, ಗಂಟೆಯ ಮುಳ್ಳು ನಿಮಿಷಕ್ಕೆ ಅರ್ಧ ಡಿಗ್ರಿ. ಒಂದು ಗಂಟೆಯಲ್ಲಿ ದೊಡ್ಡದು 360, ಸಣ್ಣದು 30, ಅದನ್ನು 60ರಿಂದ ಭಾಗಿಸಿದ್ರೆ ಬಂತು. ಎರಡರ ನಡುವಿನ ವ್ಯತ್ಯಾಸ ನಿಮಿಷಕ್ಕೆ ಐದೂವರೆ ಡಿಗ್ರಿ. ಈ ಐದೂವರೆ ಗೊತ್ತಿದ್ರೆ ಗೈಡಿನ ಆ ಫಾರ್ಮುಲಾ ರಾಶಿಯಲ್ಲಿ ಹೆಚ್ಚಿನದ್ದು ಬೇಡ.

7 ಗಂಟೆ 20 ನಿಮಿಷಕ್ಕೆ ಮುಳ್ಳುಗಳ ನಡುವೆ ಎಷ್ಟು ಡಿಗ್ರಿ? ಸರಿಯಾಗಿ 7 ಗಂಟೆಗೆ ಸಣ್ಣ ಮುಳ್ಳು 210 ಡಿಗ್ರಿ ಮುಂದೆ ಉಂಟು, ಏಳು ಮೂವತ್ತಲಿ. ದೊಡ್ಡದು ಹಿಂದಿನಿಂದ ಬಂದು ನಿಮಿಷಕ್ಕೆ ಐದೂವರೆಯ ಹಾಗೆ ಆ ಅಂತರ ಕಮ್ಮಿ ಮಾಡ್ತದೆ, 20 ನಿಮಿಷಕ್ಕೆ 110. ಉಳಿದದ್ದು 100. ಆದ್ರೆ ಹತ್ತರಲ್ಲಿ ಐದು ಜನ 90 ಅಂತ ಗುರುತು ಹಾಕ್ತಾರೆ, ಯಾಕಂದ್ರೆ ಕಣ್ಣಿಗೆ 7 ಮತ್ತು 4 ಕಾಣ್ತದೆ, ನಡುವೆ ಮೂರು ಮನೆ, ಮೂರು ಮೂವತ್ತಲಿ ತೊಂಬತ್ತು. 20 ನಿಮಿಷದಲ್ಲಿ ಸಣ್ಣ ಮುಳ್ಳು 7ನ್ನು ಬಿಟ್ಟು 10 ಡಿಗ್ರಿ ಮುಂದೆ ಹೋದದ್ದನ್ನು ಮರೆತ್ರು. ಪ್ರಶ್ನೆ ಮಾಡುವವರಿಗೂ ಅದು ಗೊತ್ತುಂಟು, 90 ಆಪ್ಷನಲ್ಲಿ ಇದ್ದೇ ಇರ್ತದೆ. ನಿಮಿಷ ಸೊನ್ನೆ ಅಲ್ಲದಿದ್ರೆ ಸಣ್ಣ ಮುಳ್ಳು ಅಂಕೆಯ ಮೇಲೆ ಕೂತಿರ್ಲಿಕ್ಕೆ ಸಾಧ್ಯವೇ ಇಲ್ಲ, ಇದೊಂದು ಚೆಕ್ ಇಟ್ಕೊಳ್ಳಿ. ಮತ್ತೆ ಉತ್ತರ 180 ದಾಟಿದ್ರೆ 360ರಿಂದ ಕಳೀರಿ. 1 ಗಂಟೆ 50 ನಿಮಿಷಕ್ಕೆ 30 ಮತ್ತು 275, ವ್ಯತ್ಯಾಸ 245, ಆಚೆ ಕಡೆಯಿಂದ ನೋಡಿದ್ರೆ 115.

ಮುಳ್ಳುಗಳು ಒಂದರ ಮೇಲೊಂದು ಬರುದು ಯಾವಾಗ ಅಂತ ಕೇಳಿದ್ರೆ ಅದೇ ಐದೂವರೆ. 4 ಗಂಟೆಗೆ ಅಂತರ 120, ಅದನ್ನು ಐದೂವರೆಯಿಂದ ಭಾಗಿಸಿ, ಅಂದ್ರೆ 240ನ್ನು 11ರಿಂದ, 21 ನಿಮಿಷ ಮತ್ತೆ ಹನ್ನೊಂದರಲ್ಲಿ ಒಂಬತ್ತು ಪಾಲು. ಉತ್ತರದಲ್ಲಿ ಹನ್ನೊಂದು ಕಾಣದಿದ್ರೆ ಸಂಶಯ ಪಡಿ, 12 ಗಂಟೆ, 6 ಗಂಟೆ, 3 ಮತ್ತೆ 9 ಗಂಟೆಯಂಥ ಸರಿ ಗಂಟೆಗಳು ಬಿಟ್ರೆ ಮೇಲೆ ಬರುದು, ಎದುರಾಗುದು, ಲಂಬ ಆಗುದು ಎಲ್ಲದಕ್ಕೂ ಹನ್ನೊಂದರ ಭಿನ್ನ ಬಂದೇ ಬರ್ತದೆ.

ಆ ಹನ್ನೊಂದು ಎಲ್ಲಿಂದ ಬಂತು ಅಂತ ಕೇಳಿದ್ರು. ಮಧೂರು ದೇವಸ್ಥಾನದಲ್ಲಿ ಇಬ್ಬರು ಒಟ್ಟಿಗೆ ಪ್ರದಕ್ಷಿಣೆ ಶುರು ಮಾಡಿದ್ರು ಅಂತ ಇಟ್ಕೊಳ್ಳಿ, ಅಜ್ಜಿ ನಿಧಾನ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊಮ್ಮಗ ಹನ್ನೆರಡು ಸುತ್ತು ಓಡಿದ. ಅಜ್ಜಿಯನ್ನು ಎಷ್ಟು ಸಲ ಹಿಡಿದ? ಹನ್ನೊಂದು, ಯಾಕಂದ್ರೆ ಅಜ್ಜಿಯೂ ಒಂದು ಸುತ್ತು ಹೋಗಿದ್ದಾರಲ್ಲ, ಹೆಚ್ಚು ಸುತ್ತಿದ್ದು ಹನ್ನೊಂದೇ. ಗಡಿಯಾರವೂ ಹಾಗೆ, 12 ಗಂಟೆಯಲ್ಲಿ ಮುಳ್ಳುಗಳು 11 ಸಲ ಕೂಡ್ತವೆ, ದಿನಕ್ಕೆ 22. ಎದುರುಬದುರು ಆಗುದೂ ದಿನಕ್ಕೆ 22. ಲಂಬ ಆಗುದು ಒಂದೊಂದು ಸುತ್ತಿಗೆ ಎರಡೆರಡು ಸಲ, ಹಾಗಾಗಿ 44. ಎರಡು ಸಲ ಕೂಡುದರ ನಡುವೆ 720ನ್ನು 11ರಿಂದ ಭಾಗಿಸಿದಷ್ಟು ನಿಮಿಷ, 65ಕ್ಕಿಂತ ಸ್ವಲ್ಪ ಹೆಚ್ಚು. ಇದರಲ್ಲಿ ಕೇಳುವ ಕಿತಾಪತಿ ಪ್ರಶ್ನೆ ಎಂತ ಅಂದ್ರೆ 2ರಿಂದ 4 ಗಂಟೆಯ ನಡುವೆ ಎಷ್ಟು ಸಲ ಲಂಬ ಅಂತ. ಗಂಟೆಗೆ ಎರಡು, ಎರಡು ಗಂಟೆಗೆ ನಾಲ್ಕು ಅಂತ ಹೇಳ್ತಾರೆ. ಲೆಕ್ಕ ಹಾಕಿ ನೋಡಿ: 2 ಗಂಟೆ 27 ನಿಮಿಷ ಚಿಲ್ಲರೆಗೆ ಒಂದು, ಸರಿಯಾಗಿ 3ಕ್ಕೆ ಒಂದು, 3 ಗಂಟೆ 32 ನಿಮಿಷ ಚಿಲ್ಲರೆಗೆ ಒಂದು. ಮೂರೇ. ಮೂರು ಗಂಟೆಯದ್ದನ್ನು ಎರಡೂ ಗಂಟೆಯವರು ತಮ್ಮದು ಅಂತ ಎಣಿಸಿದ್ದು.

ತಪ್ಪು ಓಡುವ ಗಡಿಯಾರದ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಟ್ಟೆ, ಯಾಕಂದ್ರೆ ಇದರಲ್ಲಿ ಒಳ್ಳೆ ಲೆಕ್ಕ ಗೊತ್ತಿದ್ದವರೂ ಬೀಳ್ತಾರೆ. ಒಂದು ಗಡಿಯಾರ ಗಂಟೆಗೆ 5 ನಿಮಿಷ ಹಿಂದೆ ಬೀಳ್ತದೆ. ಬೆಳಿಗ್ಗೆ 8ಕ್ಕೆ ಸರಿ ಮಾಡಿ ಇಟ್ಟದ್ದು. ಅದು ಮಧ್ಯಾಹ್ನ ಒಂದೂವರೆ ತೋರಿಸುವಾಗ ನಿಜವಾದ ಸಮಯ ಎಷ್ಟು? ಸಾಮಾನ್ಯ ಎಲ್ಲರೂ ಮಾಡುದು ಹೀಗೆ: ಐದೂವರೆ ಗಂಟೆ ಆಯ್ತು, ಗಂಟೆಗೆ ಐದು ನಿಮಿಷ, ಒಟ್ಟು ಇಪ್ಪತ್ತೇಳೂವರೆ ನಿಮಿಷ ಸೇರಿಸುವ, 1 ಗಂಟೆ ಐವತ್ತೇಳೂವರೆ ನಿಮಿಷ. ತಪ್ಪು. ಐದು ನಿಮಿಷ ಹಿಂದೆ ಬೀಳುದು ನಿಜವಾದ ಒಂದು ಗಂಟೆಯಲ್ಲಿ, ಆ ಹಾಳಾದ ಗಡಿಯಾರ ತೋರಿಸುವ ಒಂದು ಗಂಟೆಯಲ್ಲಿ ಅಲ್ಲ. ನಿಜವಾಗಿ 60 ನಿಮಿಷ ಹೋದ್ರೆ ಅದು 55 ಓಡ್ತದೆ. ಈಗ ಅದು ಓಡಿದ್ದು 330 ನಿಮಿಷ. 330ರಲ್ಲಿ 55 ಎಷ್ಟು ಸಲ? ಆರು ಸಲ. ಆರು ನಿಜವಾದ ಗಂಟೆ, 8ರಿಂದ ಆರು ಗಂಟೆ, ಸರಿಯಾಗಿ 2. ಉಲ್ಟಾ ಕೇಳಿದ್ರೆ, ನಿಜವಾದ ಸಮಯ 2 ಗಂಟೆ ಆದಾಗ ಅದು ಎಷ್ಟು ತೋರಿಸ್ತದೆ ಅಂತ, ಆಗ ಸೀದಾ ಕಳೆದ್ರೆ ಸಾಕು, ಆರೈದು ಮೂವತ್ತು, ಒಂದೂವರೆ. ಪ್ರಶ್ನೆಯಲ್ಲಿ ಕೊಟ್ಟ ಸಮಯ ಯಾವ ಗಡಿಯಾರದ್ದು, ಸರಿಯದ್ದಾ ಕೆಟ್ಟದ್ದಾ, ಅದರ ಕೆಳಗೆ ಪೆನ್ಸಿಲಲ್ಲಿ ಒಂದು ಗೆರೆ ಎಳೆದು ಆಮೇಲೆ ಲೆಕ್ಕಕ್ಕೆ ಇಳಿಯಿರಿ.

ಕನ್ನಡಿಯಲ್ಲಿ ಕಾಣುವ ಗಡಿಯಾರ ತುಂಬ ಸುಲಭ, 11 ಗಂಟೆ 60 ನಿಮಿಷದಿಂದ ಕಳೀರಿ. ಕನ್ನಡಿಯಲ್ಲಿ 8:25 ಕಂಡ್ರೆ ನಿಜ 3:35. ನೀರಿನ ಪ್ರತಿಬಿಂಬಕ್ಕೆ 18:30ರಿಂದ ಕಳೆಯಿರಿ ಅಂತ ಗೈಡಲ್ಲಿ ಉಂಟು, ಆಪ್ಷನಲ್ಲಿ ಅದೇ ಉತ್ತರ ಇರ್ತದೆ, ಅದನ್ನೇ ಗುರುತು ಹಾಕಿ. ಆದ್ರೆ ನನಗೆ ಅದು ಕಂಡ್ರೆ ಆಗುದಿಲ್ಲ, ಯಾಕೆ ಅಂತ ಹೇಳ್ತೇನೆ. 4:20ನ್ನು ತಲೆಕೆಳಗೆ ಮಾಡಿದ್ರೆ ನಿಯಮದ ಪ್ರಕಾರ 2:10. 2:10ಕ್ಕೆ ಸಣ್ಣ ಮುಳ್ಳು 65 ಡಿಗ್ರಿಯಲ್ಲಿರ್ಬೇಕು. ನಿಜವಾಗಿ ನೀರಲ್ಲಿ ಕಾಣುದು 4:20ರ 130 ಡಿಗ್ರಿ ಮುಳ್ಳಿನ ಬಿಂಬ, ಅದು 50 ಡಿಗ್ರಿಯಲ್ಲಿ, 2ನ್ನು ಇನ್ನೂ ಮುಟ್ಲೇ ಇಲ್ಲ. ಅರ್ಧ ಮನೆ ವ್ಯತ್ಯಾಸ, ಯಾವ ಸಮಯ ತೆಗೊಂಡ್ರೂ ಅಷ್ಟೇ ವ್ಯತ್ಯಾಸ. ಕನ್ನಡಿ ಗಡಿಯಾರ ನಿಜವಾದ ಒಂದು ಸಮಯವನ್ನೇ ತೋರಿಸ್ತದೆ, ನೀರಿನದ್ದು ಯಾವ ಒಳ್ಳೆ ಗಡಿಯಾರವೂ ತೋರಿಸದ ಸಮಯ.

ದಿಕ್ಕಿಗೆ ಬರುವ, ಇದು ಬೇಗ ಮುಗೀತದೆ.

ನಾವು ಕರಾವಳಿಯವರಿಗೆ ದಿಕ್ಕು ಕಲಿಸುವ ಅಗತ್ಯವೇ ಇಲ್ಲ ನಿಜವಾಗಿ. ಕುಂಬಳೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತ್ರೆ ಪಶ್ಚಿಮ, ಬಲಗೈ ಕಡೆ ಉಪ್ಪಳ ಮಂಜೇಶ್ವರ, ಅದು ಉತ್ತರ, ಎಡಗೈ ಕಡೆ ಕಾಸರಗೋಡು ಬೇಕಲ, ದಕ್ಷಿಣ, ಬೆನ್ನ ಹಿಂದೆ ಘಟ್ಟ. ಕಾಗದದ ಮೇಲೆ ಯಾವುದು ಮೇಲೆ ಯಾವುದು ಕೆಳಗೆ ಅಂತ ತಡವರಿಸುವವರು ಕಣ್ಣು ಮುಚ್ಚಿ ಅಲ್ಲಿ ನಿಂತುಕೊಳ್ಳಿ. ಆದ್ರೆ ಏಳೆಂಟು ತಿರುವು ಕೊಟ್ರೆ ನಿಂತಲ್ಲೇ ತಲೆ ತಿರುಗ್ತದೆ, ಅದಕ್ಕೆ ಸಂಖ್ಯೆ ಬೇಕು. ಉತ್ತರ 0, ಪೂರ್ವ 1, ದಕ್ಷಿಣ 2, ಪಶ್ಚಿಮ 3. ಬಲಕ್ಕೆ ತಿರುಗಿದ್ರೆ ಒಂದು ಕೂಡಿಸಿ, ಎಡಕ್ಕೆ ಒಂದು ಕಳೀರಿ, ಹಿಂದೆ ತಿರುಗಿದ್ರೆ ಎರಡು. ಕೊನೆಗೆ ನಾಲ್ಕರಿಂದ ಭಾಗಿಸಿ ಶೇಷ. 45 ಡಿಗ್ರಿ 135 ಡಿಗ್ರಿ ಅಂತ ಬಂದ್ರೆ ಎಂಟು ಮಾಡಿ: ಉತ್ತರ 0, ಈಶಾನ್ಯ 1, ಪೂರ್ವ 2, ಆಗ್ನೇಯ 3, ದಕ್ಷಿಣ 4, ನೈಋತ್ಯ 5, ಪಶ್ಚಿಮ 6, ವಾಯುವ್ಯ 7. ದಕ್ಷಿಣಕ್ಕೆ ಮುಖ ಮಾಡಿದವನು 135 ಡಿಗ್ರಿ ಎಡಕ್ಕೆ, ಮತ್ತೆ 180 ಡಿಗ್ರಿ ಬಲಕ್ಕೆ ತಿರುಗಿದ: 4ರಲ್ಲಿ 3 ಹೋಗಿ 1, ಅದಕ್ಕೆ 4 ಕೂಡಿ 5, ನೈಋತ್ಯ.

ದೂರ ಕೇಳಿದ್ರೆ ಎರಡು ಖಾತೆ ಬರೀರಿ, ಉತ್ತರ ದಕ್ಷಿಣಕ್ಕೆ ಒಂದು, ಪೂರ್ವ ಪಶ್ಚಿಮಕ್ಕೆ ಒಂದು. ಒಬ್ಬಳು ಮನೆಯಿಂದ ಉತ್ತರಕ್ಕೆ 9 ಕಿಲೋಮೀಟರ್ ಹೋಗಿ ಬಲಕ್ಕೆ ತಿರುಗಿ 5, ಪುನಃ ಬಲಕ್ಕೆ 21, ಪುನಃ ಬಲಕ್ಕೆ 10 ಹೋದಳು. ಉತ್ತರ 9, ದಕ್ಷಿಣ 21, ಉಳಿದದ್ದು ದಕ್ಷಿಣ 12. ಪೂರ್ವ 5, ಪಶ್ಚಿಮ 10, ಉಳಿದದ್ದು ಪಶ್ಚಿಮ 5. ಐದು ಹನ್ನೆರಡು ಅಂದ ಕೂಡ್ಲೆ ಹದಿಮೂರು. ಅವಳು ಮನೆಯಿಂದ ನೈಋತ್ಯಕ್ಕೆ 13 ಕಿಲೋಮೀಟರ್ ದೂರದಲ್ಲಿ, ಮುಖ ಪಶ್ಚಿಮಕ್ಕೆ. ಈಗ ಗಮನ ಕೊಡಿ, ಮನೆ ಅವಳಿಂದ ಯಾವ ದಿಕ್ಕಿಗೆ ಅಂತ ಕೇಳಿದ್ರೆ ಈಶಾನ್ಯ. ಅವಳು ಎಲ್ಲಿದ್ದಾಳೆ, ಮನೆ ಎಲ್ಲುಂಟು, ಮುಖ ಎಲ್ಲಿಗೆ, ಒಂದೇ ಲೆಕ್ಕಕ್ಕೆ ಮೂರು ಉತ್ತರ, ಮೂರೂ ಆಪ್ಷನಲ್ಲಿ ಇರ್ತದೆ. ಕೊನೆಯ ಸಾಲನ್ನು ಎರಡು ಸಲ ಓದಿ.

ನೆರಳಿನ ಪ್ರಶ್ನೆಗೆ ಬೆಳಿಗ್ಗೆ ನೆರಳು ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ, ಇಷ್ಟೇ. ಬೆಳಿಗ್ಗೆ ನೆರಳು ಬಲಗೈ ಕಡೆ ಬಿದ್ರೆ ಬಲಗೈ ಪಶ್ಚಿಮ, ಮುಖ ದಕ್ಷಿಣ. ಕೆಲವು ಪುಸ್ತಕದಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳ್ತದೆ ಅಂತ ಇನ್ನೊಂದು ಸಾಲು ಸೇರಿಸಿರ್ತಾರೆ, ಅದು ಡೆಲ್ಲಿಯವರಿಗೆ ಸರಿ. ನಮ್ಮ ಕಾಸರಗೋಡು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಉಂಟು, ಏಪ್ರಿಲ್ ಕೊನೆ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೆ ಬಂದು ಆಮೇಲೆ ಉತ್ತರಕ್ಕೆ ಹೋಗ್ತದೆ, ಪುನಃ ನೆತ್ತಿಗೆ ಬರುದು ಆಗಸ್ಟ್ ಮಧ್ಯ ಕಳೆದು. ಆ ನಡುವೆ ಇಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಮೇ ತಿಂಗಳಲ್ಲಿ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ಜೂನ್ ಬಂದ್ರೆ ಮಳೆಗೆ ನೆರಳೇ ಸಿಗ್ಲಿಕ್ಕಿಲ್ಲ.

ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ಗಡಿಯಾರ ದಿಕ್ಕು ಎರಡೂ ಸೇರಿಸಿ ಕೇಳಿದ್ರೆ?" ಅಂತ ಕೇಳಿದ್ಲು, ಗಂಟೆ ಹತ್ತೂವರೆ, ನಿಮಿಷದ ಮುಳ್ಳು ಪಶ್ಚಿಮಕ್ಕೆ ತೋರಿಸುವ ಹಾಗೆ ಗಡಿಯಾರ ಮಲಗಿಸಿಟ್ರೆ ಗಂಟೆಯ ಮುಳ್ಳು ಯಾವ ದಿಕ್ಕಿಗೆ ಅಂತ. ನಾನು ಬೋರ್ಡಿನ ಚಾಕ್‌ಪೀಸ್ ಅವಳ ಕೈಗೇ ಕೊಟ್ಟೆ. ಅವಳು ಬರೆದದ್ದು ಹೀಗೆ: ಹತ್ತೂವರೆಗೆ ಸಣ್ಣ ಮುಳ್ಳು ಹತ್ತೂವರೆ ಮನೆ, 315 ಡಿಗ್ರಿ. ದೊಡ್ಡದು 6ರ ಮೇಲೆ, 180. ಸಣ್ಣದು ದೊಡ್ಡದಕ್ಕಿಂತ 135 ಡಿಗ್ರಿ ಮುಂದೆ, ಬಲಕ್ಕೆ. 135 ಅಂದ್ರೆ ನಮ್ಮ ಎಂಟರ ಲೆಕ್ಕದಲ್ಲಿ 3. ಪಶ್ಚಿಮ 6, ಅದಕ್ಕೆ 3 ಕೂಡಿ 9, ಎಂಟು ಬಿಟ್ರೆ ಶೇಷ 1.

"ಈಶಾನ್ಯ" ಅಂತ ಹಿಂದಿನ ಬೆಂಚಿಂದ ಯಾರೋ ಕೂಗಿದ್ರು, ಅವಳು ಬರೆದು ಮುಗಿಸುವ ಮೊದಲೇ.